ಕೈಲಿರುವ ದುಡ್ಡಿಗೆ ಎಫ್‌ಡಿ, ಬರಲಿರುವ ದುಡ್ಡಿಗೆ ಆರ್‌ಡಿ

ಪ್ರಶ್ನೆ: ನಾನು ದಾವಣಗೆರೆಯ ಗೃಹಿಣಿ. ಮಗಳು ಈಗ ಯುಕೆಜಿ, ಮುಂದಿನ ಜೂನ್‌ಗೆ 1ನೇ ತರಗತಿ. ಈ ವರ್ಷದ ಫೀಸು ಕಟ್ಟಿ ಆಗಿದೆ. ಮುಂದಿನ ವರ್ಷ 52,000 ಆಗುತ್ತದೆ ಎಂದಿದ್ದಾರೆ. ಮೇ ತಿಂಗಳಲ್ಲಿ 32,000, ನವೆಂಬರ್‌ನಲ್ಲಿ 20,000. ಮನೆಯವರ ಸಂಬಳ 7ನೇ ತಾರೀಕಿನ ಒಳಗೆ ಬರುತ್ತದೆ. ಅದರಲ್ಲಿ ಮತ್ತು ಬ್ಲೌಸ್ ಹೊಲಿದ ದುಡ್ಡಲ್ಲಿ ತಿಂಗಳಿಗೆ 3,000 ಉಳಿಸುತ್ತೇನೆ. ಗೃಹಲಕ್ಷ್ಮಿ ಬಂದ ತಿಂಗಳು 5,000 ಆಗುತ್ತದೆ. ಎಸ್‌ಬಿ ಖಾತೆಯಲ್ಲಿ 40,000 ಇದೆ. ಬ್ಯಾಂಕಿನಲ್ಲಿ ಆರ್‌ಡಿ ಮಾಡಿ ಎನ್ನುತ್ತಾರೆ. ಆರ್‌ಡಿಯಲ್ಲಿ ಬಡ್ಡಿ ಅರ್ಧಕ್ಕರ್ಧ ಕಡಿಮೆ, ಎಫ್‌ಡಿ ಮಾಡು ಎಂದು ಪಕ್ಕದ ಮನೆಯ ಅಕ್ಕ ಹೇಳುತ್ತಾರೆ. ಯಾವುದು ಸರಿ?

ಉತ್ತರ: ನಿಮ್ಮ ಪಕ್ಕದ ಮನೆಯವರು ಸುಳ್ಳು ಹೇಳಿಲ್ಲ. ಅವರು ನೋಡಿದ ಅಂಕಿ ನಿಜ, ಅದರಿಂದ ತೆಗೆದ ತೀರ್ಮಾನ ಮಾತ್ರ ತಪ್ಪು. ಬ್ಯಾಂಕಿನ ಕೌಂಟರಿನಲ್ಲಿ ಕೂತಿದ್ದ ಅಷ್ಟೂ ವರ್ಷ ಈ ದೂರನ್ನು ನಾನು ಕೇಳಿದ್ದೇನೆ. ವರ್ಷವಿಡೀ ಆರ್‌ಡಿ ಕಟ್ಟಿದವರು ಪಾಸ್‌ಬುಕ್ ಹಿಡಿದು ಬಂದು, 'ಶೇಕಡಾ ಆರೂವರೆ ಅಂದಿದ್ರಿ, ನಾಲ್ಕೂ ಬಂದಿಲ್ವಲ್ಲ ಮೇಡಂ' ಎಂದು ಕೇಳುತ್ತಿದ್ದರು. ಹಾಗಾಗಿ ಮೊದಲು ಈ ಲೆಕ್ಕವನ್ನೇ ಬಿಡಿಸಿಬಿಡೋಣ.

ದರ ಶೇ 6.5 ಎಂದು ಇಟ್ಟುಕೊಳ್ಳಿ. ನಿಮ್ಮ ಬ್ಯಾಂಕಿನ ಇವತ್ತಿನ ದರ ಇದಕ್ಕಿಂತ ಸ್ವಲ್ಪ ಹೆಚ್ಚೋ ಕಡಿಮೆಯೋ ಇರಬಹುದು, ಲೆಕ್ಕದ ರೀತಿ ಬದಲಾಗುವುದಿಲ್ಲ. ಒಂದು ವರ್ಷಕ್ಕೆ 36,000 ರೂಪಾಯಿಯನ್ನು ಒಟ್ಟಿಗೆ ಎಫ್‌ಡಿ ಇಟ್ಟರೆ, ಮೂರು ತಿಂಗಳಿಗೊಮ್ಮೆ ಬಡ್ಡಿ ಅಸಲಿಗೆ ಸೇರುತ್ತಾ ಹೋಗಿ, ಕೊನೆಗೆ ಸುಮಾರು 2,398 ರೂಪಾಯಿ ಬಡ್ಡಿ ಬರುತ್ತದೆ. ಅದೇ ದರದಲ್ಲಿ ತಿಂಗಳಿಗೆ 3,000ದಂತೆ 12 ತಿಂಗಳು ಆರ್‌ಡಿ ಕಟ್ಟಿದರೆ ಕೈಗೆ ಬರುವುದು ಸುಮಾರು 37,286, ಅಂದರೆ ಬಡ್ಡಿ 1,286. ಎರಡೂ ಕಡೆ ಕಟ್ಟಿದ್ದು 36,000, ಎರಡಕ್ಕೂ ಶೇ 6.5. ಆದರೂ ಒಂದರ ಬಡ್ಡಿ ಇನ್ನೊಂದರ ಅರ್ಧಕ್ಕಿಂತ ಸ್ವಲ್ಪ ಮಾತ್ರ ಹೆಚ್ಚು.

ಇಲ್ಲಿ ಬ್ಯಾಂಕು ಏನನ್ನೂ ನುಂಗಿಲ್ಲ. ಆರ್‌ಡಿಯಲ್ಲಿ ನಿಮ್ಮ ಮೊದಲ ಕಂತು ಮಾತ್ರ 12 ತಿಂಗಳು ಬ್ಯಾಂಕಿನಲ್ಲಿರುತ್ತದೆ. ಅದು ಸುಮಾರು 200 ರೂಪಾಯಿ ದುಡಿಯುತ್ತದೆ. ಎರಡನೆಯ ಕಂತು ಇರುವುದು 11 ತಿಂಗಳು, ಮೂರನೆಯದು 10. ಕೊನೆಯ ಕಂತು ಒಂದೇ ತಿಂಗಳು ಇದ್ದು 16 ರೂಪಾಯಿ ತರುತ್ತದೆ. ಸರಾಸರಿ ಹಿಡಿದರೆ ನಿಮ್ಮ ಒಂದೊಂದು ರೂಪಾಯಿಯೂ ಬ್ಯಾಂಕಿನಲ್ಲಿ ಇದ್ದದ್ದು ಆರೂವರೆ ತಿಂಗಳು. ವರ್ಷವಿಡೀ ದುಡಿದ 36,000ಕ್ಕೂ ಆರೂವರೆ ತಿಂಗಳು ದುಡಿದ 36,000ಕ್ಕೂ ಒಂದೇ ಕೂಲಿ ಸಿಗುವುದಿಲ್ಲ. ನಿಮ್ಮ ಅಕ್ಕ ಹೇಳಿದ ಎಫ್‌ಡಿ ಮಾಡಬೇಕೆಂದರೆ ಇವತ್ತೇ ನಿಮ್ಮ ಕೈಯಲ್ಲಿ 36,000 ಇರಬೇಕು. ಆ ದುಡ್ಡು ಇನ್ನೂ ನಿಮ್ಮ ಕೈಗೆ ಬಂದಿಲ್ಲ, ತಿಂಗಳು ತಿಂಗಳು ಬರಬೇಕಷ್ಟೇ.

ಹಾಗಾದರೆ ಬರಲಿರುವ ದುಡ್ಡಿನ ಮಟ್ಟಿಗೆ ಆರ್‌ಡಿಯನ್ನು ಯಾವುದರ ಜೊತೆ ಹೋಲಿಸಬೇಕು? ನಿಮ್ಮ ಮುಂದಿರುವ ದಾರಿಗಳು ಎರಡು. ಮೊದಲನೆಯದು, ತಿಂಗಳ 3,000ವನ್ನು ಎಸ್‌ಬಿ ಖಾತೆಯಲ್ಲೇ ಬಿಡುತ್ತಾ ಹೋಗುವುದು. ಎಸ್‌ಬಿಗೆ ಶೇ 2.5 ಎಂದು ಹಿಡಿದರೆ ವರ್ಷಕ್ಕೆ ಸುಮಾರು 487 ರೂಪಾಯಿ ಬಡ್ಡಿ. ಆರ್‌ಡಿಗಿಂತ 800 ರೂಪಾಯಿ ಕಡಿಮೆ. ಅದಕ್ಕಿಂತ ದೊಡ್ಡ ಪೆಟ್ಟೆಂದರೆ, ಫೋನಿನಲ್ಲಿ ಯುಪಿಐ ಇರುವ ಖಾತೆಯಲ್ಲಿ ದುಡ್ಡು ನಿಲ್ಲುವುದಿಲ್ಲ. ಇದು ನಿಮಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಎರಡನೆಯ ದಾರಿ, ಪ್ರತಿ ತಿಂಗಳೂ 3,000ಕ್ಕೆ ಒಂದೊಂದು ಪುಟ್ಟ ಎಫ್‌ಡಿ ಮಾಡಿ, ಎಲ್ಲವೂ ಒಂದೇ ದಿನ ಮುಗಿಯುವಂತೆ ಅವಧಿ ಇಡುವುದು. ಹೆಚ್ಚಿನ ಬ್ಯಾಂಕುಗಳಲ್ಲಿ 1,000 ರೂಪಾಯಿಗೂ ಎಫ್‌ಡಿ ಆಗುತ್ತದೆ, ಹಾಗಾಗಿ ಇದನ್ನು ಮಾಡಬಹುದು. ಆದರೆ ಅವಧಿ ಕಡಿಮೆಯಾದಂತೆ ಎಫ್‌ಡಿ ದರವೂ ಇಳಿಯುತ್ತದೆ. ಒಂದು ವರ್ಷಕ್ಕೆ ಶೇ 6.5 ಕೊಡುವ ಬ್ಯಾಂಕು ಆರು ತಿಂಗಳಿಗೆ ಅದಕ್ಕಿಂತ ಕಡಿಮೆ ಕೊಡುತ್ತದೆ, ಒಂದು ತಿಂಗಳಿಗೆ ಸಾಮಾನ್ಯವಾಗಿ ಅದರ ಅರ್ಧಕ್ಕೆ ಹತ್ತಿರ. ಆರ್‌ಡಿಯಲ್ಲಿ ಹಾಗಲ್ಲ. ಖಾತೆ ತೆರೆದ ದಿನದ 12 ತಿಂಗಳ ದರ ಯಾವುದಿದೆಯೋ ಅದೇ ದರ ಕೊನೆಯ ಕಂತಿಗೂ ಸಿಗುತ್ತದೆ, ಆ ಕಂತು ಒಂದೇ ತಿಂಗಳು ಇದ್ದರೂ ಸರಿ. ಆರ್‌ಡಿಯ ನಿಜವಾದ ಲಾಭ ಇದು. ಜಾಹೀರಾತಿನಲ್ಲಿ ಇದನ್ನು ಯಾರೂ ಹೇಳುವುದಿಲ್ಲ.

ಇನ್ನೊಂದು ಅನುಕೂಲವೂ ಇದರೊಳಗೇ ಇದೆ. 2025ರ ಫೆಬ್ರವರಿಯಿಂದ ಡಿಸೆಂಬರ್‌ವರೆಗೆ ರಿಸರ್ವ್ ಬ್ಯಾಂಕು ರೆಪೊ ದರವನ್ನು ಶೇ 6.50ರಿಂದ 5.25ಕ್ಕೆ ಇಳಿಸಿತು, ಬ್ಯಾಂಕುಗಳೂ ಠೇವಣಿ ದರವನ್ನು ಇಳಿಸುತ್ತಾ ಬಂದವು. ಆ ವರ್ಷದ ಜನವರಿಯಲ್ಲಿ ಆರ್‌ಡಿ ತೆರೆದವರಿಗೆ ಡಿಸೆಂಬರ್‌ನ ಕಂತಿಗೂ ಜನವರಿಯ ದರವೇ ಸಿಕ್ಕಿತು. ತಿಂಗಳು ತಿಂಗಳು ಎಫ್‌ಡಿ ಮಾಡುತ್ತಿದ್ದವರಿಗೆ ಆಯಾ ತಿಂಗಳ ದರ. ದರ ಏರುವ ಕಾಲದಲ್ಲಿ ಇದೇ ಮಾತು ತಿರುಗುಮುರುಗಾಗುತ್ತದೆ, ಅದನ್ನೂ ಹೇಳಿಬಿಡಬೇಕು.

ಈಗ ನಿಮ್ಮ ಮನೆಯ ಲೆಕ್ಕಕ್ಕೆ ಬರೋಣ. ಎಫ್‌ಡಿಯೋ ಆರ್‌ಡಿಯೋ ಎಂದು ಒಂದನ್ನೇ ಆರಿಸುವ ಕಷ್ಟ ನಿಮಗಿಲ್ಲ, ಏಕೆಂದರೆ ನಿಮ್ಮ ಹತ್ತಿರ ಮೂರು ಬಗೆಯ ದುಡ್ಡಿದೆ. ಕೈಲಿರುವ 40,000. ಪ್ರತಿ ತಿಂಗಳೂ ಖಾತ್ರಿಯಾಗಿ ಉಳಿಯುವ 3,000. ಬಂದರೆ ಬಂತು ಎನ್ನುವಂಥ ಗೃಹಲಕ್ಷ್ಮಿಯ 2,000. ಮೂರಕ್ಕೂ ಮೂರು ಜಾಗ ಬೇಕು. ಆದರೆ ಜಾಗ ಗೊತ್ತುಮಾಡುವ ಮುಂಚೆ ಕ್ಯಾಲೆಂಡರ್ ತೆಗೆಯಿರಿ. ಫೀಸಿನ ವಿಷಯದಲ್ಲಿ ಜನ ಎಡವುವುದು ದರದಲ್ಲಲ್ಲ, ತಾರೀಕಿನಲ್ಲಿ.

ನನಗೆ ನೆನಪಿರುವ ಒಬ್ಬ ತಾಯಿ ಜುಲೈ 12ಕ್ಕೆ ಒಂದು ವರ್ಷದ ಆರ್‌ಡಿ ತೆರೆದು, ಒಂದು ಕಂತನ್ನೂ ತಪ್ಪಿಸದೆ ಕಟ್ಟಿದ್ದರು. ಮರುವರ್ಷ ಮೇ ತಿಂಗಳಲ್ಲಿ ಶಾಲೆಯ ಚಲನ್ ಹಿಡಿದು ಬಂದರು. ಆರ್‌ಡಿ ಮುಗಿಯಲು ಇನ್ನೂ ಎರಡು ತಿಂಗಳಿತ್ತು. ಶಿಸ್ತಿನಲ್ಲಿ ಅವರದೇನೂ ಕೊರತೆಯಿರಲಿಲ್ಲ, ಖಾತೆ ತೆರೆಯುವ ದಿನ ಶಾಲೆಯ ದಿನವನ್ನು ಯಾರೂ ಕೇಳಿರಲಿಲ್ಲ, ಅಷ್ಟೇ. ನೀವೂ ಈಗ ಜುಲೈ ಆರಂಭದಲ್ಲಿ 12 ತಿಂಗಳ ಆರ್‌ಡಿ ತೆರೆದರೆ ಅದು ಮುಗಿಯುವುದು ಮುಂದಿನ ಜುಲೈಯಲ್ಲಿ. ಮೇ ತಿಂಗಳ 32,000ಕ್ಕೆ ಅದು ಒದಗುವುದಿಲ್ಲ. ಕೆಲವು ಬ್ಯಾಂಕುಗಳಲ್ಲಿ 6 ಅಥವಾ 9 ತಿಂಗಳ ಆರ್‌ಡಿಯೂ ಇದೆ, ಆದರೆ ಎಸ್‌ಬಿಐನಂಥ ಕಡೆ ಕನಿಷ್ಠ ಅವಧಿಯೇ 12 ತಿಂಗಳು.

ಹಾಗಾಗಿ ಮೇ ತಿಂಗಳ ಕಂತನ್ನು ಕೈಲಿರುವ 40,000ಕ್ಕೆ ವಹಿಸಿಬಿಡಿ, ನವೆಂಬರ್ ಕಂತನ್ನು ಆರ್‌ಡಿಗೆ ವಹಿಸಿ.

40,000ವನ್ನು ಒಂದೇ ಎಫ್‌ಡಿ ಮಾಡಬೇಡಿ. 30,000ದ್ದು ಒಂದು, 10,000ದ್ದು ಇನ್ನೊಂದು. ಜುಲೈ 5ಕ್ಕೆ ಇಡುತ್ತೀರಿ ಎಂದುಕೊಳ್ಳೋಣ. 30,000ದ ಎಫ್‌ಡಿ ಏಪ್ರಿಲ್ 25ಕ್ಕೆ ಮುಗಿಯಲಿ, ಅಂದರೆ 294 ದಿನ. ಎಫ್‌ಡಿಯನ್ನು ತಿಂಗಳ ಲೆಕ್ಕದಲ್ಲೇ ಇಡಬೇಕೆಂದಿಲ್ಲ, ದಿನಗಳ ಲೆಕ್ಕದಲ್ಲೂ ಇಡಬಹುದು. ಕೌಂಟರಿನಲ್ಲಿ 'ಈ ತಾರೀಕಿಗೆ ಮುಗಿಯಬೇಕು' ಎಂದರೆ ಸಾಕು, ದಿನ ಅವರೇ ಎಣಿಸಿಕೊಳ್ಳುತ್ತಾರೆ. ಒಂದು ವರ್ಷದ ಒಳಗಿನ ಅವಧಿಯಾದ್ದರಿಂದ ದರ ಸ್ವಲ್ಪ ಕಡಿಮೆ, ಶೇ 6 ಎಂದು ಹಿಡಿಯಿರಿ. ಏಪ್ರಿಲ್ ಕೊನೆಗೆ ಸುಮಾರು 31,470 ಬರುತ್ತದೆ. 32,000ಕ್ಕೆ ಐನೂರು ಚಿಲ್ಲರೆ ಕಡಿಮೆ, ಅದನ್ನು ಎಸ್‌ಬಿಯಿಂದ ಸೇರಿಸಿದರೆ ಮೇ ಕಂತು ಮುಗಿಯಿತು.

ಇಲ್ಲಿ ಒಂದು ಆಸೆ ಹುಟ್ಟುತ್ತದೆ. ಬ್ಯಾಂಕುಗಳು 444 ದಿನ, 400 ದಿನ ಎಂದೆಲ್ಲ ವಿಶೇಷ ಠೇವಣಿ ತೆಗೆದು, ಅದಕ್ಕೆ ಕಾಲು ಪರ್ಸೆಂಟೋ ಅರೆ ಪರ್ಸೆಂಟೋ ಹೆಚ್ಚು ಕೊಡುತ್ತವೆ. ಜುಲೈ 5ಕ್ಕೆ 444 ದಿನ ಕೂಡಿಸಿ ನೋಡಿ, ಅದು ಮರುವರ್ಷದ ಸೆಪ್ಟೆಂಬರ್ 22ರ ಹೊತ್ತಿಗೆ ಮುಗಿಯುತ್ತದೆ. ಮೇ ತಿಂಗಳಲ್ಲಿ ಅದನ್ನು ಮುರಿಯಲೇಬೇಕು. ಮುರಿದರೆ ನಿಮಗೆ ಸಿಗುವುದು 444 ದಿನದ ದರವಲ್ಲ. ದುಡ್ಡು ನಿಜವಾಗಿ ಎಷ್ಟು ದಿನ ಇತ್ತೋ ಅಷ್ಟು ದಿನದ ದರ, ಅದರಲ್ಲೂ ದಂಡವೆಂದು ಸಾಮಾನ್ಯವಾಗಿ ಅರ್ಧದಿಂದ ಒಂದು ಪರ್ಸೆಂಟ್ ಕಳೆದು ಕೊಡುತ್ತಾರೆ. ಅರ್ಧ ಪರ್ಸೆಂಟ್ ಎಂದರೆ ನಿಮ್ಮ 30,000ಕ್ಕೆ ಸುಮಾರು 120 ರೂಪಾಯಿ. ಮನೆ ಮುಳುಗುವ ನಷ್ಟವೇನಲ್ಲ, ನಾನು ಹೆದರಿಸುವುದಿಲ್ಲ. ಆದರೆ ಮೊದಲೇ ಗೊತ್ತಿರುವ ತಾರೀಕಿಗೆ ದಂಡ ಕಟ್ಟುವುದು ಯಾಕೆ?

ಉಳಿದ 10,000ದ ಎಫ್‌ಡಿ ಫೀಸಿನದಲ್ಲ, ಅದು ಫೀಸಿನ ದುಡ್ಡಿಗೆ ಕಾವಲು. ಅದನ್ನು ಒಂದು ವರ್ಷಕ್ಕೆ ಇಡಿ. ನಡುವೆ ಮಗುವಿಗೆ ಜ್ವರ ಬಂದು ಆಸ್ಪತ್ರೆಗೆ 8,000 ಬೇಕಾಯಿತು ಎಂದುಕೊಳ್ಳಿ. ಪೂರ್ತಿ 40,000 ಒಂದೇ ಎಫ್‌ಡಿಯಲ್ಲಿದ್ದರೆ ಎಂಟು ಸಾವಿರಕ್ಕಾಗಿ ನಲವತ್ತು ಸಾವಿರವನ್ನೂ ಮುರಿಯಬೇಕಾಗಬಹುದು, ಇಷ್ಟೂ ದುಡ್ಡಿನ ಬಡ್ಡಿ ಇಳಿಯುತ್ತದೆ. ಎರಡಾಗಿದ್ದರೆ ಚಿಕ್ಕದನ್ನು ಮುರಿದರೆ ಆಯಿತು, ಮೇ ತಿಂಗಳ ದುಡ್ಡಿಗೆ ಕೈ ತಾಕುವುದಿಲ್ಲ.

ಎಫ್‌ಡಿ ಫಾರಂ ತುಂಬುವಾಗ ಎರಡು ಕಡೆ ಕಣ್ಣಿಡಿ. ಬಡ್ಡಿಯನ್ನು ತಿಂಗಳಿಗೋ ಮೂರು ತಿಂಗಳಿಗೋ ಖಾತೆಗೆ ಹಾಕುವ ಬಗೆ ಬೇಡ, ಬಡ್ಡಿ ಅಸಲಿಗೆ ಸೇರುತ್ತಾ ಹೋಗುವ ಬಗೆ ಇರಲಿ. ಕೆನರಾ ಬ್ಯಾಂಕಿನವರು ಅದನ್ನು ಕಾಮಧೇನು ಎನ್ನುತ್ತಾರೆ, ಬೇರೆ ಬ್ಯಾಂಕುಗಳಲ್ಲಿ ಬೇರೆ ಹೆಸರು. ಎರಡನೆಯದು, ಅವಧಿ ಮುಗಿದಾಗ ಏನು ಮಾಡಬೇಕು ಎಂಬ ಕಾಲಂ. ಮೊಬೈಲಿನಲ್ಲಿ ಎಫ್‌ಡಿ ತೆರೆದರೆ ಅಲ್ಲಿ ಎಷ್ಟೋ ಸಲ 'ತಾನಾಗಿ ನವೀಕರಿಸು' ಎಂಬುದಕ್ಕೆ ಮೊದಲೇ ಗುರುತು ಬಿದ್ದಿರುತ್ತದೆ. ಅದನ್ನು ಹಾಗೆಯೇ ಬಿಟ್ಟರೆ ಏಪ್ರಿಲ್ 25ಕ್ಕೆ ನಿಮ್ಮ ದುಡ್ಡು ಸದ್ದಿಲ್ಲದೆ ಇನ್ನೊಂದು 294 ದಿನಕ್ಕೆ ಹೋಗಿ ಕೂರುತ್ತದೆ. 'ಮುಗಿದ ಮೇಲೆ ಎಸ್‌ಬಿ ಖಾತೆಗೆ ಹಾಕಿ' ಎಂಬುದನ್ನೇ ಆರಿಸಿ.

ಇನ್ನು ಆರ್‌ಡಿ. ಒಳ್ಳೆಯ ತಿಂಗಳಲ್ಲಿ 5,000 ಉಳಿಯುತ್ತದೆ ಎಂದು 5,000ದ ಆರ್‌ಡಿ ತೆರೆಯಬೇಡಿ. ಕೆಟ್ಟ ತಿಂಗಳಲ್ಲೂ ಕಟ್ಟಬಲ್ಲ ಮೊತ್ತಕ್ಕೆ ತೆರೆಯಿರಿ, ಅದು ನಿಮಗೆ 3,000. ಸಾಮಾನ್ಯ ಆರ್‌ಡಿಯ ಕಂತನ್ನು ನಡುವೆ ಕಡಿಮೆ ಮಾಡಲು ಆಗುವುದಿಲ್ಲ, ತಪ್ಪಿದರೆ ದಂಡ. ಎಸ್‌ಬಿಐನಲ್ಲಿ ಐದು ವರ್ಷದೊಳಗಿನ ಆರ್‌ಡಿಗೆ ತಡವಾದ ಪ್ರತಿ 100 ರೂಪಾಯಿಗೆ ತಿಂಗಳಿಗೆ ಒಂದೂವರೆ ರೂಪಾಯಿ. ನಿಮ್ಮ 3,000ದ ಒಂದು ಕಂತು ಒಂದು ತಿಂಗಳು ತಡವಾದರೆ 45 ರೂಪಾಯಿ ಹೋಯಿತು. ಇದನ್ನು ಇನ್ನೊಂದು ಅಂಕಿಯ ಪಕ್ಕದಲ್ಲಿಟ್ಟು ನೋಡಿ. ಕಾಲು ಪರ್ಸೆಂಟ್ ಬಡ್ಡಿ ಹೆಚ್ಚು ಸಿಗುತ್ತದೆಂದು ಊರಿನ ಇನ್ನೊಂದು ತುದಿಯ ಬ್ಯಾಂಕಿಗೆ ಹೋಗಿ ಇದೇ ಆರ್‌ಡಿ ತೆರೆದರೆ, ಇಡೀ ವರ್ಷಕ್ಕೆ ನಿಮಗೆ ಹೆಚ್ಚು ಸಿಗುವುದು ಸುಮಾರು 49 ರೂಪಾಯಿ. ಒಂದು ಕಂತು ತಡವಾದರೆ ಆ ಲಾಭ ಅಲ್ಲಿಗೇ ತೀರಿತು. ಆದ್ದರಿಂದ ದರ ಹುಡುಕುತ್ತಾ ಅಲೆಯುವುದು ಬೇಡ, ಸಂಬಳ ಬಂದು ಬೀಳುವ ಅಥವಾ ನಿಮಗೆ ನಡೆದುಹೋಗಲು ಹತ್ತಿರವಿರುವ ಬ್ಯಾಂಕೇ ಸಾಕು.

ಆರ್‌ಡಿ ತೆರೆಯುವ ದಿನವನ್ನೂ ಯೋಚಿಸಿ ಆರಿಸಬೇಕು. ನೀವು ತೆರೆದ ತಾರೀಕೇ ಸಾಮಾನ್ಯವಾಗಿ ಪ್ರತಿ ತಿಂಗಳ ಕಂತಿನ ತಾರೀಕಾಗುತ್ತದೆ. ಸಂಬಳ 7ರೊಳಗೆ ಬರುತ್ತದೆ ಎಂದಿದ್ದೀರಿ, ಹಾಗಾದರೆ 10ಕ್ಕೆ ತೆರೆಯಿರಿ. ಸಂಬಳ ಒಂದೆರಡು ದಿನ ಹಿಂದೆಮುಂದೆ ಆದರೂ ತೊಂದರೆಯಿಲ್ಲ. ಮನೆಯವರು 9ನೇ ತಾರೀಕಿನೊಳಗೆ ನಿಮ್ಮ ಎಸ್‌ಬಿಗೆ ದುಡ್ಡು ಹಾಕಿದರೆ, 10ಕ್ಕೆ 3,000 ತಾನಾಗಿ ಆರ್‌ಡಿಗೆ ಹೋಗುವಂತೆ ಬ್ಯಾಂಕಿಗೆ ಸೂಚನೆ ಬರೆದುಕೊಡಿ. ಆ ದಿನ ಎಸ್‌ಬಿಯಲ್ಲಿ 2,950 ಇದ್ದರೂ ಕಂತು ಹೋಗುವುದಿಲ್ಲ. ಐವತ್ತು ರೂಪಾಯಿ ಕಡಿಮೆ ಇದ್ದದ್ದಕ್ಕೆ ಕಂತು ತಪ್ಪಿ, ಅದು ನಾಲ್ಕು ತಿಂಗಳ ನಂತರ ಗೊತ್ತಾದ ಖಾತೆಗಳನ್ನು ನಾನು ಎಷ್ಟೋ ನೋಡಿದ್ದೇನೆ.

ಗೃಹಲಕ್ಷ್ಮಿ ದುಡ್ಡನ್ನು ನೆಚ್ಚಿಕೊಂಡು ಆರ್‌ಡಿ ಕಂತು ಗೊತ್ತುಮಾಡಬೇಡಿ ಎಂದು ಹೇಳುವುದೂ ಇದೇ ಕಾರಣಕ್ಕೆ. 2023ರ ಆಗಸ್ಟ್‌ನಲ್ಲಿ ಯೋಜನೆ ಶುರುವಾದಾಗಿನಿಂದ ಅದು ಪ್ರತಿ ತಿಂಗಳೂ ಒಂದೇ ತಾರೀಕಿಗೆ ಬಂದದ್ದಿಲ್ಲ, ಕೆಲವು ಸಲ ತಿಂಗಳುಗಟ್ಟಲೆ ತಡವಾಗಿ ಬಂದಿದೆ. ಇಂಥ ದುಡ್ಡಿಗೆ ಎಫ್‌ಡಿಯೇ ಸರಿ. ಎರಡು ಕಂತು ಬಂದು 4,000 ಆಯಿತೋ, ಅವತ್ತೇ ಏಪ್ರಿಲ್ ಕೊನೆಗೆ ಮುಗಿಯುವ ಹಾಗೆ ಒಂದು ಪುಟ್ಟ ಎಫ್‌ಡಿ ಮಾಡಿಬಿಡಿ. ಬರಲಿಲ್ಲವೋ, ದಂಡವಿಲ್ಲ, ಚಿಂತೆಯಿಲ್ಲ.

ಜುಲೈ 10ಕ್ಕೆ ತೆರೆದ ಆರ್‌ಡಿ ಮರುವರ್ಷ ಜುಲೈ 10ಕ್ಕೆ ಮುಗಿದು 37,286 ಕೈಗೆ ಬರುತ್ತದೆ. ಅವತ್ತೇ ಅದರಲ್ಲಿ 20,000ವನ್ನು ಅಕ್ಟೋಬರ್ 25ಕ್ಕೆ ಮುಗಿಯುವ ಎಫ್‌ಡಿ ಮಾಡಿ, ನವೆಂಬರ್ ಫೀಸು ಅಲ್ಲಿದೆ. ಉಳಿದ 17,000 ಚಿಲ್ಲರೆ ಅದರ ಮುಂದಿನ ಮೇ ತಿಂಗಳಿಗೆ ಬೇಕಾದದ್ದು, ಅದನ್ನು ಏಪ್ರಿಲ್ ಕೊನೆಯವರೆಗೆ ಎಫ್‌ಡಿ ಮಾಡಿ. ಅದೇ ದಿನ ಹೊಸ ಆರ್‌ಡಿ ತೆರೆಯಿರಿ. ಹೀಗೆ ಆರ್‌ಡಿಯಲ್ಲಿ ಕೂಡಿದ್ದು ಎಫ್‌ಡಿಗೆ ಹೋಗುತ್ತದೆ, ಎಫ್‌ಡಿಯಿಂದ ಶಾಲೆಗೆ.

ಈ ಸುತ್ತು ಮುಂದಿನ ವರ್ಷಗಳಲ್ಲೂ ನಡೆಯುತ್ತದೆಯೇ ಎಂದು ನೋಡಬೇಕಲ್ಲ. ವರ್ಷಕ್ಕೆ ಫೀಸು 52,000. ಆರ್‌ಡಿಗೆ ನೀವು ಕಟ್ಟುವುದು 36,000. ನಡುವಿನ 16,000 ಗೃಹಲಕ್ಷ್ಮಿಯಿಂದ ಬರಬೇಕು, ಅಂದರೆ ವರ್ಷದಲ್ಲಿ ಎಂಟು ಕಂತಾದರೂ ಬರಬೇಕು ಮತ್ತು ಅದು ಬೇರೆಲ್ಲೂ ಖರ್ಚಾಗಬಾರದು. ಬಡ್ಡಿ ಈ ಅಂತರವನ್ನು ತುಂಬುವುದಿಲ್ಲ, ಇಡೀ ವರ್ಷದ ಆರ್‌ಡಿ ಬಡ್ಡಿಯೇ 1,286. ಶಾಲೆಯವರು ವರ್ಷಕ್ಕೆ ಶೇ 10 ಏರಿಸಿದರು ಎಂದರೆ ಮರುವರ್ಷದ ಫೀಸು 57,200, ಏರಿದ್ದೇ 5,200. ಅದನ್ನು 12ರಿಂದ ಭಾಗಿಸಿದರೆ ತಿಂಗಳಿಗೆ 430 ರೂಪಾಯಿ. ಹಾಗಾಗಿ ಹೊಸ ಆರ್‌ಡಿಯನ್ನು 3,000ಕ್ಕಲ್ಲ, 3,500ಕ್ಕೆ ತೆರೆಯಬೇಕಾಗುತ್ತದೆ. ಬ್ಲೌಸಿನ ಮಜೂರಿಯನ್ನೂ ನೀವು ಶಾಲೆಯವರ ಹಾಗೆ ವರ್ಷಕ್ಕೊಮ್ಮೆ ಏರಿಸಬಹುದು. ಇದು ಬ್ಯಾಂಕಿನ ಸಲಹೆಯಲ್ಲ, ನನ್ನದು.

ಎಷ್ಟು ಯೋಜಿಸಿದರೂ ಒಮ್ಮೆ ಆರ್‌ಡಿ ಮುಗಿಯುವ ಮುಂಚೆಯೇ ದುಡ್ಡು ಬೇಕಾಗಬಹುದು. ಆಗ ಮುರಿಯುವ ಮೊದಲು ಅದರ ಮೇಲೆ ಸಾಲ ಸಿಗುತ್ತದೆಯೇ ಎಂದು ಕೇಳಿ. ಕಟ್ಟಿದ ಮೊತ್ತದ ಶೇ 90ರವರೆಗೂ ಕೊಡುವ ಬ್ಯಾಂಕುಗಳಿವೆ, ಬಡ್ಡಿ ಸಾಮಾನ್ಯವಾಗಿ ನಿಮ್ಮ ಠೇವಣಿ ದರಕ್ಕಿಂತ ಒಂದೆರಡು ಪರ್ಸೆಂಟ್ ಹೆಚ್ಚು. ಶೇ 7.5ರಂತೆ 20,000ವನ್ನು ಎರಡು ತಿಂಗಳಿಗೆ ತೆಗೆದರೆ ಬಡ್ಡಿ 250 ರೂಪಾಯಿ, ನಿಮ್ಮ ಆರ್‌ಡಿಯ ಬಡ್ಡಿ ಅತ್ತ ಬೆಳೆಯುತ್ತಲೇ ಇರುತ್ತದೆ. ಮುಗಿಯಲು ಒಂದೆರಡು ತಿಂಗಳಿದ್ದರೆ ಸಾಲ ಮೇಲು. ಆರೇಳು ತಿಂಗಳಿದ್ದರೆ ಮುರಿಯುವುದೇ ಮೇಲಾಗಬಹುದು. ಎರಡರ ಅಂಕಿಯನ್ನೂ ಚೀಟಿಯಲ್ಲಿ ಬರೆಸಿಕೊಂಡು ನೋಡಿ. ಕೈಸಾಲಕ್ಕೋ ಚಿನ್ನದ ಸಾಲಕ್ಕೋ ಹೋಗುವ ಮೊದಲು ಇದನ್ನು ಕೇಳಬೇಕೆಂದು ಎಷ್ಟೋ ಜನಕ್ಕೆ ಹೊಳೆಯುವುದೇ ಇಲ್ಲ.

ಅಂಚೆ ಕಚೇರಿಯ ಆರ್‌ಡಿ ಬಗ್ಗೆ ನೀವು ಕೇಳಿಲ್ಲ, ಆದರೆ ನಿಮ್ಮ ಬೀದಿಗೆ ಬರುವ ಏಜೆಂಟ್ ಖಂಡಿತ ಹೇಳುತ್ತಾರೆ. ಅದರ ದರವನ್ನು ಸರ್ಕಾರ 2023ರ ಅಕ್ಟೋಬರ್‌ನಲ್ಲಿ ಶೇ 6.7ಕ್ಕೆ ಏರಿಸಿತು. ಆ ದರದಲ್ಲಿ ತಿಂಗಳಿಗೆ 1,000 ಕಟ್ಟಿದರೆ ಐದು ವರ್ಷಕ್ಕೆ 71,366 ಬರುತ್ತದೆ. ಒಳ್ಳೆಯ ಯೋಜನೆ, ಆದರೆ ನಿಮ್ಮ ಈ ಕೆಲಸಕ್ಕಲ್ಲ. ಅದರ ಅವಧಿ ಐದು ವರ್ಷ. ಮೂರು ವರ್ಷ ಆಗುವವರೆಗೆ ಮುಚ್ಚುವಂತಿಲ್ಲ, ಆಮೇಲೆ ಮುಚ್ಚಿದರೂ ಅಂಚೆ ಎಸ್‌ಬಿ ಖಾತೆಯ ಶೇ 4ರ ದರವೇ ಸಿಗುವುದು. ಮಗಳ ಹೈಸ್ಕೂಲಿಗೆಂದು ಬೇರೆಯಾಗಿ 500 ರೂಪಾಯಿ ಎತ್ತಿಡುವ ಕಾಲ ಬಂದಾಗ ಅದನ್ನು ನೆನೆಸಿಕೊಳ್ಳಿ. ಪಿಗ್ಮಿಯೂ ಹಾಗೆಯೇ. 1928ರಲ್ಲಿ ನಮ್ಮ ಕರಾವಳಿಯ ಸಿಂಡಿಕೇಟ್ ಬ್ಯಾಂಕ್ ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಿಗೆ ಬಂದು ಕೂಡಿಸಲು ತೊಡಗಿದ್ದು ದಿನಗೂಲಿಯವರಿಗೆ, ಚಿಕ್ಕ ಅಂಗಡಿಯವರಿಗೆ. ತಿಂಗಳಿಗೊಮ್ಮೆ ದುಡ್ಡು ಬರುವ ಮನೆಗೆ ಅದರಿಂದ ಹೆಚ್ಚಿನ ಲಾಭವಿಲ್ಲ.

ಇನ್ನು ಶೇ 9, ಶೇ 10 ಕೊಡುತ್ತೇವೆ ಎನ್ನುವ ಪತ್ತಿನ ಸಹಕಾರ ಸಂಘ, ಸೌಹಾರ್ದ ಸಹಕಾರಿಗಳು. ಬ್ಯಾಂಕಿನಲ್ಲಿಟ್ಟ ಠೇವಣಿಗೆ, ಸಹಕಾರಿ ಬ್ಯಾಂಕೂ ಸೇರಿ, ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ವಿಮೆ ಇದೆ. ಪತ್ತಿನ ಸಂಘಗಳ ಠೇವಣಿಗೆ ಆ ವಿಮೆ ಇಲ್ಲ. ಹೆಸರಿನಲ್ಲಿ 'ಬ್ಯಾಂಕ್' ಎಂಬ ಪದ ಇದೆಯೇ, ರಿಸರ್ವ್ ಬ್ಯಾಂಕಿನ ಪರವಾನಗಿ ಇದೆಯೇ ನೋಡಿ. ವಿಮೆ ಇದ್ದರೂ ಫೀಸಿನ ದುಡ್ಡಿಗೆ ಇನ್ನೊಂದು ತೊಡಕಿದೆ. 2020ರ ಜನವರಿಯಲ್ಲಿ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕು ನಿರ್ಬಂಧ ಹೇರಿದಾಗ ಒಬ್ಬರು 35,000ಕ್ಕಿಂತ ಹೆಚ್ಚು ತೆಗೆಯುವಂತಿರಲಿಲ್ಲ. ಇಂಥ ಸಂದರ್ಭದಲ್ಲಿ ವಿಮೆಯ ದುಡ್ಡನ್ನು 90 ದಿನದೊಳಗೆ ಕೊಡಬೇಕೆಂದು 2021ರಲ್ಲಿ ಕಾನೂನು ಬದಲಾಯಿತು. ಆದರೆ ಮೇ ತಿಂಗಳ ಚಲನ್ 90 ದಿನ ಕಾಯುವುದಿಲ್ಲ. ನಿಮ್ಮ 36,000ದ ಆರ್‌ಡಿಗೆ ಶೇ 9ರ ದರ ಸಿಕ್ಕಿದರೂ ವರ್ಷಕ್ಕೆ ಹೆಚ್ಚು ಬರುವುದು ಸುಮಾರು ಐನೂರು ರೂಪಾಯಿ.

ತೆರಿಗೆಯ ಚಿಂತೆ ನಿಮಗೆ ಬೇಡ. ವರ್ಷಕ್ಕೆ ಬಡ್ಡಿ 50,000 ದಾಟಿದರೆ ಬ್ಯಾಂಕು ಟಿಡಿಎಸ್ ಹಿಡಿಯುತ್ತದೆ, ನಿಮ್ಮದು ನಾಲ್ಕು ಸಾವಿರವೂ ಆಗುವುದಿಲ್ಲ. ಇದನ್ನು ಓದುವ ಬೇರೆ ಗೃಹಿಣಿಯರಿಗೆ ಒಂದು ಮಾತು: ಗಂಡ ತೆರಿಗೆ ಕಟ್ಟುವವರಾಗಿದ್ದು, ಅವರು ಕೊಟ್ಟ ದುಡ್ಡನ್ನೇ ಹೆಂಡತಿಯ ಹೆಸರಲ್ಲಿ ಇಟ್ಟರೆ, ಆ ಬಡ್ಡಿಯನ್ನು ಕಾನೂನು ಗಂಡನ ಆದಾಯಕ್ಕೇ ಸೇರಿಸುತ್ತದೆ. ಹೆಂಡತಿಯ ಹೆಸರಿಗೆ ಹಾಕಿದರೆ ತೆರಿಗೆ ತಪ್ಪುತ್ತದೆ ಎಂಬ ಮಾತು ನಿಜವಲ್ಲ. ನಿಮ್ಮ ಮನೆಗೆ ಗೃಹಲಕ್ಷ್ಮಿ ಬರುತ್ತಿದೆ ಎಂದರೆ ಮನೆಯವರು ಆದಾಯ ತೆರಿಗೆ ಕಟ್ಟುವವರಲ್ಲ, ಕಟ್ಟುವವರ ಮನೆಗೆ ಆ ಯೋಜನೆ ಇಲ್ಲ.

ಖಾತೆ ನಿಮ್ಮ ಹೆಸರಲ್ಲೇ ಇರಲಿ, ಎರಡನೆಯ ಹೆಸರಾಗಿ ಮನೆಯವರನ್ನು ಸೇರಿಸಿ, ಇಬ್ಬರಲ್ಲಿ ಯಾರು ಬೇಕಾದರೂ ತೆಗೆಯಬಹುದು ಎಂದು ಬರೆಸಿ. ನೀವು ಹುಷಾರು ತಪ್ಪಿ ಮಲಗಿದ ವಾರದಲ್ಲೇ ಫೀಸಿನ ಕೊನೆಯ ದಿನ ಬರಬಹುದು. ಮಗಳ ಹೆಸರಲ್ಲಿ ತೆರೆಯುವುದು ನೋಡಲು ಚೆಂದ, ಆದರೆ ಅದರಿಂದ ಕೆಲಸ ಹೆಚ್ಚುತ್ತದೆಯೇ ಹೊರತು ಬಡ್ಡಿ ಹೆಚ್ಚುವುದಿಲ್ಲ.

ಜುಲೈ 10ರ ಮೊದಲ ಕಂತನ್ನು ನೀವೇ ಕೌಂಟರಿನಲ್ಲಿ ಕಟ್ಟಿರುತ್ತೀರಿ. ಬ್ಯಾಂಕಿಗೆ ಕೊಟ್ಟ ಸೂಚನೆ ಕೆಲಸ ಮಾಡುತ್ತಿದೆಯೋ ಇಲ್ಲವೋ ತಿಳಿಯುವುದು ಆಗಸ್ಟ್‌ನಲ್ಲೇ. ಆಗಸ್ಟ್ 11ಕ್ಕೋ 12ಕ್ಕೋ ಪಾಸ್‌ಬುಕ್ ಎಂಟ್ರಿ ಹಾಕಿಸಿ, ಎಸ್‌ಬಿಯಲ್ಲಿ 3,000 ಕಳೆದು ಆರ್‌ಡಿಯಲ್ಲಿ ಎರಡನೆಯ ಕಂತು ಕೂತಿದೆಯೇ ನೋಡಿ. ಕೂತಿಲ್ಲದಿದ್ದರೆ ಅಲ್ಲೇ ಕಟ್ಟಿ, ಸೂಚನೆಯನ್ನು ಇನ್ನೊಮ್ಮೆ ಬರೆದುಕೊಟ್ಟು ಬನ್ನಿ.